‘ಬಾರೆ’ ಮತ್ತು ‘ಬರಲಾರೆ’: ಒಂದು ಸ್ಪ್ಯಾನಿಷ್ ಧ್ವನಿಸಂದೇಶದ ಪಾಠ

ಆಹ್ವಾನವನ್ನು ಒಪ್ಪಿಕೊಳ್ಳುವುದಕ್ಕೆ ಭಾಷಾಜ್ಞಾನ ಹೆಚ್ಚು ಬೇಕಿಲ್ಲ, ‘ಬರುತ್ತೇನೆ’ ಎಂದರೆ ಸಾಕು. ಭಾಷೆಯ ಪರೀಕ್ಷೆ ನಡೆಯುವುದು ಆಹ್ವಾನವನ್ನು ನಿರಾಕರಿಸಬೇಕಾದಾಗ. ನಮ್ಮ ಐಚ್ಛಿಕ ಕನ್ನಡ ತರಗತಿಯಲ್ಲಿ ಪತ್ರಲೇಖನವನ್ನು ಕಲಿಸುತ್ತೇವೆ. ‘ಅನಿವಾರ್ಯ ಕಾರಣಗಳಿಂದ ಆಗಮಿಸಲು ಸಾಧ್ಯವಾಗುತ್ತಿಲ್ಲ, ಕ್ಷಮಿಸಿ’ ಎಂಬ ವಾಕ್ಯ ಎಲ್ಲರಿಗೂ ಬಾಯಿಪಾಠ. ಆದರೆ ಗೆಳತಿಯೊಬ್ಬಳು ಪ್ರೀತಿಯಿಂದ ಕರೆದಾಗ ಆಕೆಯ ಮನಸ್ಸು ನೋಯದಂತೆ ಬಾಯಿಮಾತಿನಲ್ಲಿ ಹೇಗೆ ಇಲ್ಲವೆನ್ನಬೇಕು ಎಂಬುದನ್ನು ನಾವು ಪಾಠವೆಂದು ಭಾವಿಸಿಲ್ಲ. ಅದು ವ್ಯಾಕರಣದ ಪಾಠವೇ ಎಂದು ನನಗೆ ಮನದಟ್ಟಾದದ್ದು ಒಂದು ಸ್ಪ್ಯಾನಿಷ್ ಅಭ್ಯಾಸದಿಂದ.

ಮಕ್ತಲ್ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಮನೆಮಾತು ಕನ್ನಡ, ಶಾಲೆಯ ಮತ್ತು ಪೇಟೆಯ ಮಾತು ತೆಲುಗು. ನಾರಾಯಣಪೇಟೆ, ಮಕ್ತಲ್ ಸೀಮೆಯಲ್ಲಿ ಇದು ವಿಶೇಷವಲ್ಲ. 1956ರವರೆಗೆ ರಾಯಚೂರಿನೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಈ ಊರುಗಳು ಭಾಷಾವಾರು ವಿಂಗಡಣೆಯಲ್ಲಿ ಗಡಿಯ ಆಚೆ ಉಳಿದವು. ಮನೆಯೊಳಗಿನ ಕನ್ನಡ ಮಾತ್ರ ಹಾಗೆಯೇ ಉಳಿಯಿತು. ರಜೆಗೆ ಬಂದಾಗ ಆಕೆ ನನಗೊಂದು ಸಂಗತಿ ಹೇಳಿದಳು. ಕೃಷ್ಣೆಯ ಆಚೆಗಿನ ಗದ್ವಾಲ್‌ನಲ್ಲಿರುವ ತೆಲುಗು ಗೆಳತಿಯೊಬ್ಬಳು ಹುಟ್ಟುಹಬ್ಬಕ್ಕೆ ಕರೆದಿದ್ದಳಂತೆ. ಮನೆಯಲ್ಲಿ ‘ಬರಲ್ಲ’ ಎನ್ನುವ ಅಭ್ಯಾಸದಲ್ಲೇ ಇವಳು ತೆಲುಗಿನಲ್ಲಿ ‘ನೇನು ರಾನು’ ಎಂದು ಧ್ವನಿಸಂದೇಶ ಕಳಿಸಿದಳು. ಆ ಗೆಳತಿ ಮತ್ತೆ ಕರೆಯಲೇ ಇಲ್ಲ. ತಾನೇನು ತಪ್ಪಾಡಿದೆನೆಂದು ಇವಳಿಗೆ ವರ್ಷ ಕಳೆದರೂ ತಿಳಿಯಲಿಲ್ಲ. ತಿಳಿದದ್ದು ಸ್ಪ್ಯಾನಿಷ್ ತರಗತಿಯಲ್ಲಿ.

ಅಲ್ಲಿ ಕೊಟ್ಟ ಅಭ್ಯಾಸ ಹೀಗಿತ್ತು: ‘ಲುಸೀಯಾ ಎಂಬ ಗೆಳತಿ ಶನಿವಾರದ ಔತಣಕ್ಕೆ ಕರೆದಿದ್ದಾಳೆ. ನೀವು ಹೋಗಲಾರಿರಿ. ಅರ್ಧ ನಿಮಿಷದೊಳಗಿನ ಧ್ವನಿಸಂದೇಶದಲ್ಲಿ ನಯವಾಗಿ ನಿರಾಕರಿಸಿ, ಬೇರೊಂದು ದಿನವನ್ನು ಸೂಚಿಸಿ.’ ಆಕೆ ಸಿದ್ಧಪಡಿಸಿದ ಉತ್ತರವನ್ನು ಕನ್ನಡ ಲಿಪಿಯಲ್ಲಿ ಕೊಡುತ್ತೇನೆ:

‘ಓಲಾ, ಲುಸೀಯಾ! ಮಿಲ್ ಗ್ರಾಸಿಯಾಸ್ ಪೋರ್ ಇನ್ವಿತಾರ್ಮೆ. ಮೆ ಎನ್ಕಾಂತರೀಯಾ ಇರ್, ದೆ ವೆರ್ದಾದ್, ಪೇರೊ ಎಸ್ತೆ ಸಾಬಾದೊ ನೊ ಪುಯೇದೊ. ಎಸ್ ಕೆ ಸೆ ಕಾಸಾ ಮಿ ಪ್ರೀಮಾ ಎನ್ ಗದ್ವಾಲ್. ಕೆ ಪೇನಾ! ಇ ಸಿ ನೋಸ್ ವೇಮೋಸ್ ಎಲ್ ದೊಮಿಂಗೊ ಪೋರ್ ಲಾ ತಾರ್ದೆ? ಯೊ ಯೇವೊ ಲೋಸ್ ದುಲ್ಸೆಸ್. ಉನ್ ಅಬ್ರಾಸೊ!’

ತಾತ್ಪರ್ಯ ಇಷ್ಟು: ‘ಲುಸೀಯಾ, ಕರೆದದ್ದಕ್ಕೆ ಸಾವಿರ ವಂದನೆ. ಬರಲು ನನಗೆ ತುಂಬ ಇಷ್ಟವಾಗುತ್ತಿತ್ತು, ನಿಜವಾಗಿಯೂ. ಆದರೆ ಈ ಶನಿವಾರ ಆಗುವುದಿಲ್ಲ. ಏನೆಂದರೆ, ಗದ್ವಾಲ್‌ನಲ್ಲಿ ನನ್ನ ಸೋದರಮಾವನ ಮಗಳ ಮದುವೆಯಿದೆ. ಛೇ, ಎಂಥ ಬೇಸರ! ಭಾನುವಾರ ಸಂಜೆ ಭೇಟಿಯಾದರೆ ಹೇಗೆ? ಸಿಹಿ ನಾನು ತರುತ್ತೇನೆ. ಒಂದು ಅಪ್ಪುಗೆ!’

ಇದರಲ್ಲಿ ಮೊದಲು ಗಮನಿಸಬೇಕಾದದ್ದು ‘ಮೆ ಎನ್ಕಾಂತರೀಯಾ’. ‘ಮೆ’ ಎಂದರೆ ಇಲ್ಲಿ ‘ನಾನು’ ಅಲ್ಲ, ‘ನನಗೆ’. ನಾವು ‘ನನಗೆ ಇಷ್ಟ’ ಎನ್ನುವಾಗ ಚತುರ್ಥೀ ವಿಭಕ್ತಿಯನ್ನು ಬಳಸುವಂತೆಯೇ ಅವರೂ ಇಷ್ಟವನ್ನು ತಮಗೆ ಒದಗುವ ಅನುಭವವಾಗಿ ಹೇಳುತ್ತಾರೆ. ಇನ್ನು ‘-ಈಯಾ’ ಎಂಬ ಕೊನೆ. ಅದು ಹುಟ್ಟಿದ್ದು ಧಾತುರೂಪಕ್ಕೆ ಒಂದು ಸಹಾಯಕ ಕ್ರಿಯಾಪದದ ಭೂತಕಾಲದ ರೂಪ ಬೆಸೆದು. ನಡೆಯದೆ ಉಳಿದ ಬಯಕೆಯನ್ನು ಹೇಳಲು ಅವರು ಭೂತಕಾಲದ ನೆರವು ಪಡೆದರು. ನಾವೂ ‘ಬಿಡುವಿದ್ದರೆ ಬರುತ್ತಿದ್ದೆ’ ಎನ್ನುವುದು ಭೂತಕಾಲದ ರೂಪದಲ್ಲೇ, ಮಾತು ಮುಂದಿನ ಶನಿವಾರದ್ದಾದರೂ! ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಉಪಾಯವನ್ನು ಕಂಡುಕೊಂಡಿವೆ.

ಎರಡನೆಯದು ‘ನೊ ಪುಯೇದೊ’. ಇದರ ಅರ್ಥ ‘ನನ್ನಿಂದಾಗದು’. ‘ನೊ ಕಿಯೇರೊ’ ಎಂದಿದ್ದರೆ ‘ನನಗೆ ಬೇಡ’ ಎಂದಾಗುತ್ತಿತ್ತು. ಒಂದು ಶಕ್ತಿಯ ಅಭಾವ, ಇನ್ನೊಂದು ಇಚ್ಛೆಯ ಅಭಾವ. ಹಳಗನ್ನಡ ಓದುವ ನಿಮಗೆ ಈ ಭೇದ ಹೊಸದಲ್ಲ. ‘ಒಲ್’ ಎಂದರೆ ಪ್ರೀತಿಸು, ಬಯಸು. ಅದರ ನಿಷೇಧ ‘ಒಲ್ಲೆ’. ‘ಆರ್’ ಎಂದರೆ ಸಮರ್ಥನಾಗು. ಅದರ ನಿಷೇಧ ‘ಆರೆ’. ‘ಬಾರೆ’ ಎಂದವನು ಬರುವುದನ್ನೇ ನಿರಾಕರಿಸಿದ. ‘ಬರಲಾರೆ’ ಎಂದವನು ತನ್ನ ಅಸಮರ್ಥತೆಯನ್ನು ಒಪ್ಪಿಕೊಂಡ. ತೆಲುಗಿನಲ್ಲಿಯೂ ಇದೇ ಜೋಡಿಯಿದೆ: ‘ರಾನು’, ‘ರಾಲೇನು’. ಇಂದಿನ ಆಡುಗನ್ನಡದ ‘ಬರಲ್ಲ’ ಸಂದರ್ಭಕ್ಕೆ ತಕ್ಕಂತೆ ಎರಡೂ ಕೆಲಸವನ್ನು ಮಾಡಿಬಿಡುತ್ತದೆ. ಆದ್ದರಿಂದ ಮಕ್ತಲ್‌ನ ಹುಡುಗಿಗೆ ಭೇದ ಮರೆತಿತ್ತು. ಗದ್ವಾಲ್‌ನ ಗೆಳತಿ ಕೇಳಿದ್ದು ‘ಬಿಡುವಿಲ್ಲ’ ಎಂದಲ್ಲ, ‘ಬಾರೆ’ ಎಂದು.

ಎದುರೆದುರು ನಿಂತು ಹೇಳಿದ್ದರೆ ಈ ತಪ್ಪು ಅಲ್ಲಿಯೇ ಸರಿಹೋಗುತ್ತಿತ್ತೆಂದು ನನ್ನ ಭಾವನೆ. ನಮ್ಮಲ್ಲಿ ನಿರಾಕರಣೆ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಒಬ್ಬರು ಆಗದೆನ್ನುತ್ತಾರೆ; ಇನ್ನೊಬ್ಬರು ‘ಅದೆಲ್ಲ ಇಲ್ಲ, ಬರಲೇಬೇಕು’ ಎಂದು ಒತ್ತಾಯಿಸುತ್ತಾರೆ; ಆಗ ಕಾರಣ ಹೊರಬರುತ್ತದೆ, ಮುಖಭಾವ ಕಾಣುತ್ತದೆ, ಕೊನೆಗೆ ಇನ್ನೊಂದು ದಿನ ಗೊತ್ತಾಗುತ್ತದೆ. ಮೆಕ್ಸಿಕೊದ ಸ್ಪ್ಯಾನಿಷ್ ಭಾಷಿಕರ ನಿರಾಕರಣೆಗಳನ್ನು ಅಧ್ಯಯನ ಮಾಡಿದ ಭಾಷಾವಿಜ್ಞಾನಿ ಸೆಸಾರ್ ಫೆಲಿಕ್ಸ್-ಬ್ರಾಸ್ದೆಫೆರ್ ಅವರೂ ಅಲ್ಲಿ ಇಂಥ ಒತ್ತಾಯ ನಿರೀಕ್ಷಿತವಾದುದೆಂದು ತೋರಿಸಿದ್ದಾರೆ. ಒತ್ತಾಯಿಸದಿರುವುದೇ ಅಲ್ಲಿ ಉದಾಸೀನವೆನಿಸಬಹುದು. ಈ ವಿಷಯದಲ್ಲಿ ಅವರು ನಮಗೆ ಹತ್ತಿರದವರು.

ಧ್ವನಿಸಂದೇಶದಲ್ಲಿ ಒತ್ತಾಯಕ್ಕೆ ಎಡೆಯಿಲ್ಲ. ಕೇಳುವವರು ನಡುವೆ ಬಾಯಿ ಹಾಕುವಂತಿಲ್ಲ. ನಾಲ್ಕು ಸರದಿಯಲ್ಲಿ ನಡೆಯಬೇಕಾದ ಸಂಭಾಷಣೆಯನ್ನು ಮಾತಾಡುವವರು ಒಂದೇ ಉಸಿರಿನಲ್ಲಿ, ಒಬ್ಬರೇ ನಡೆಸಬೇಕು. ಮೇಲಿನ ಸಂದೇಶದಲ್ಲಿ ‘ದೆ ವೆರ್ದಾದ್’, ಅಂದರೆ ‘ನಿಜವಾಗಿಯೂ’ ಎಂಬ ಮಾತು ಬಂದದ್ದು ಲುಸೀಯಾಳ ಕೇಳದ ಶಂಕೆಗೆ ಉತ್ತರವಾಗಿ. ‘ಎಸ್ ಕೆ’, ಅಂದರೆ ‘ಏನೆಂದರೆ’ ಎಂಬುದು ಆಕೆ ಕೇಳದಿದ್ದ ‘ಯಾಕೆ?’ ಎಂಬ ಪ್ರಶ್ನೆಗೆ ಉತ್ತರ. ಭಾನುವಾರದ ಸೂಚನೆ ಆಕೆಯ ಒತ್ತಾಯಕ್ಕೆ ಉತ್ತರ. ಅದು ಪ್ರಶ್ನೆಯ ರೂಪದಲ್ಲಿರುವುದರಿಂದ ಮಾತಿನ ಸರದಿ ಮತ್ತೆ ಗೆಳತಿಯ ಕೈಗೆ ಹೋಗುತ್ತದೆ.

ಇದು ಕೆಡುವ ಬಗೆಗಳೂ ಇವೆ. ಕಾರಣ ಉದ್ದವಾದಷ್ಟೂ ಸುಳ್ಳಿನಂತೆ ಕೇಳಿಸುತ್ತದೆ; ಕಾರಣ ಒಂದೇ ಇರಬೇಕು, ಒಂದೇ ವಾಕ್ಯದಲ್ಲಿರಬೇಕು. ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಸ್ಪ್ಯಾನಿಷ್‌ನ ‘ಪ್ರೀಮಾ’ ಚಿಕ್ಕಪ್ಪನ ಮಗಳೂ ಆಗಬಹುದು, ಸೋದರಮಾವನ ಮಗಳೂ ಆಗಬಹುದು. ನಮ್ಮಲ್ಲಿ ‘ಸೋದರಮಾವನ ಮಗಳ ಮದುವೆ’ ಎಂದೊಡನೆ ತಪ್ಪಿಸಲಾಗದ ಕಾರ್ಯವೆಂದು ಎಲ್ಲರಿಗೂ ತಿಳಿಯುತ್ತದೆ, ಮುಂದೆ ವಿವರಿಸಬೇಕಿಲ್ಲ. ಇನ್ನೊಂದು ತಪ್ಪು, ಇಲ್ಲವೆಂಬುದನ್ನು ಹೇಳದೆ ‘ನೋಡೋಣ’ ಎಂದು ತೇಲಿಸುವುದು. ಕರೆದವರು ಎಲೆ ಹಾಕಿ ಕಾಯುತ್ತಾರೆ. ಮೂರನೆಯ ತಪ್ಪು ಎಲ್ಲಕ್ಕಿಂತ ಸಾಮಾನ್ಯವಾದುದು: ‘ಇನ್ನೊಮ್ಮೆ ಎಂದಾದರೂ ಸಿಗೋಣ’. ದಿನದ ಹೆಸರಿಲ್ಲದ ಈ ವಾಕ್ಯ ಎರಡನೆಯ ನಿರಾಕರಣೆ. ವಾರದ ಹೆಸರು, ಹೊತ್ತು, ಮತ್ತು ‘ಸಿಹಿ ನಾನು ತರುತ್ತೇನೆ’ ಎಂಬಂಥ ಒಂದು ಸಣ್ಣ ಹೊಣೆ, ಈ ಮೂರೂ ಇದ್ದಾಗಲೇ ಅದು ಮಾತುಕೊಟ್ಟಂತೆ. ಸಂದೇಶ ಫಲಿಸಿತೋ ಇಲ್ಲವೋ ಎಂಬುದು ಮರುಮಾತಿನಿಂದ ತಿಳಿಯುತ್ತದೆ. ‘ಆಯ್ತು ಬಿಡು’ ಎಂದು ಬಂದರೆ ಸೋತಿರಿ, ‘ಎಷ್ಟು ಗಂಟೆಗೆ?’ ಎಂದು ಬಂದರೆ ಗೆದ್ದಿರಿ.

ಇದೇ ಸಂದೇಶವನ್ನು ನಾರಾಯಣಪೇಟೆಯ ಕನ್ನಡ ಗೆಳತಿಗೆ ಕಳಿಸುವುದಾದರೆ ಹೇಗೆ ಹೇಳುವೆ ಎಂದು ಆಕೆಯನ್ನು ಕೇಳಿದೆ. ಆಕೆ ಪುಸ್ತಕದ ಕನ್ನಡವನ್ನು ಬದಿಗಿಟ್ಟು ತನ್ನ ಮನೆಮಾತಿನಲ್ಲಿ ಹೇಳಿದಳು: ‘ನೀ ಕರದಿದ್ದು ಭಾಳ ಖುಷಿ ಆತು ನೋಡವ್ವ. ಬರ್ತಿದ್ದೆ, ಖರೇನ ಬರ್ತಿದ್ದೆ, ಆದ್ರ ಶನಿವಾರ ಬರಾಕ ಆಗಂಗಿಲ್ಲ. ಗದ್ವಾಲ್‌ದಾಗ ಸೋದರಮಾವನ ಮಗಳ ಮದಿವಿ ಐತಿ. ಐತವಾರ ಸಂಜಿಮುಂದ ನಿಮ್ಮನಿಗೆ ಬರ್ಲೇನು? ಉಂಡಿ ನಾನ ತರ್ತೀನಿ.’ ಸ್ಪ್ಯಾನಿಷ್ ತರಗತಿ ಕಲಿಸಿದ್ದೆಲ್ಲ ಅವಳ ಅಜ್ಜಿಯ ಮಾತಿನಲ್ಲಿ ಮೊದಲೇ ಇತ್ತು. ‘ಬರಾಕ ಆಗಂಗಿಲ್ಲ’ ಎಂಬುದು ‘ಬರಲಾರೆ’ಯ ಇಂದಿನ ರೂಪವೆಂದು ಗುರುತಿಸಲು ಮಾತ್ರ ಒಂದು ದೂರದ ಭಾಷೆ ಬೇಕಾಯಿತು.

ಆದ್ದರಿಂದ ನನ್ನ ಅಭಿಪ್ರಾಯವಿದು. ನಿಷೇಧರೂಪಗಳನ್ನು ನಾವು ಕೇಶಿರಾಜನ ಸೂತ್ರಗಳಿಗೆ ಉದಾಹರಣೆಯಾಗಿ ಮಾತ್ರ ಓದಿಸಿ ನಿಲ್ಲಿಸಬಾರದು. ಪತ್ರಲೇಖನದ ಪಕ್ಕದಲ್ಲಿ ಧ್ವನಿಸಂದೇಶವನ್ನೂ ಅಭ್ಯಾಸವಾಗಿ ಕೊಡಬೇಕು. ವಿದ್ಯಾರ್ಥಿ ಅದನ್ನು ತನ್ನ ಊರಿನ ಕನ್ನಡದಲ್ಲೇ ಹೇಳಬೇಕು. ಅನಂತರ ಅದರಲ್ಲಿ ಇಚ್ಛೆಯ ನಿಷೇಧ ಯಾವುದು, ಶಕ್ತಿಯ ನಿಷೇಧ ಯಾವುದು ಎಂದು ತರಗತಿಯಲ್ಲಿ ಬಿಡಿಸಬೇಕು. ಸಹಜವಾಗಿ ಬರುವ ಮಾತನ್ನು ಕಲಿಸುವುದೇಕೆ ಎಂದು ಕೆಲವರು ಕೇಳಬಹುದು. ಎರಡು ಭಾಷೆಗಳ ನಡುವೆ ದಿನವೂ ಓಡಾಡುವವರಿಗೆ ಅದು ಸಹಜವಾಗಿ ಬರುವುದಿಲ್ಲ ಎಂಬುದಕ್ಕೆ ಗದ್ವಾಲ್‌ನ ಆ ಮೌನವೇ ಸಾಕ್ಷಿ.

ಆ ರಜೆ ಮುಗಿಯುವ ಮೊದಲು ಆಕೆ ಗದ್ವಾಲ್‌ನ ಗೆಳತಿಗೆ ತೆಲುಗಿನಲ್ಲಿ ಇನ್ನೊಂದು ಧ್ವನಿಸಂದೇಶ ಕಳಿಸಿದಳು. ‘ಆ ರೋಜು ರಾಲೇಕಪೋಯಾನು’, ಅಂದು ಬರಲಾಗಲಿಲ್ಲ, ಎಂದು ಮೊದಲು ಹೇಳಿ, ಕೊನೆಗೆ ‘ಈ ಆದಿವಾರಂ ರಾನಾ?’ ಎಂದು ಕೇಳಿದ್ದಳು. ‘ಈ ಭಾನುವಾರ ಬರಲೇ?’ ಎಂದರ್ಥ. ವರ್ಷದ ಹಿಂದೆ ಗೆಳತಿಯನ್ನು ನೋಯಿಸಿದ್ದು ‘ರಾನು’. ಈಗ ಕೇಳಿದ್ದು ‘ರಾನಾ’. ಕಿವಿಗೆ ಇರುವ ಅಂತರ ಒಂದು ಸ್ವರದ್ದು. ಮರುದಿನ ಬೆಳಿಗ್ಗೆ ಉತ್ತರ ಬಂತು: ಎಷ್ಟು ಗಂಟೆಗೆ ಎಂದು.