ಟೈಪ್ ಮಾಡಿದ ಮಾತಿಗೂ ಕಾಯುವ ಕಿವಿ ಬೇಕು

ಕಿವಿ ಚೆನ್ನಾಗಿ ಕೇಳುತ್ತದೆ, ಬಾಯಿ ಮಾತ್ರ ಬಾರದು. ಇಂಥವರಿಗೆ ಫೋನ್ ಎಂದರೆ ಅರ್ಧ ಸೌಲಭ್ಯ. ಟೈಪ್ ಮಾಡಿದ್ದನ್ನು ಎದುರಿನವರಿಗೆ ಓದಿ ಹೇಳುವ ತಂತ್ರಜ್ಞಾನ ಈ ಕೊರತೆಯನ್ನು ತುಂಬಬಲ್ಲದು. 2023ರಲ್ಲಿ ಐಒಎಸ್ 17ರೊಂದಿಗೆ ಬಂದ 'ಲೈವ್ ಸ್ಪೀಚ್' ಐಫೋನ್ ಕರೆಯೊಳಗೇ ಈ ಕೆಲಸ ಮಾಡುತ್ತದೆ. ಆದರೆ ಐಫೋನ್ ಎಲ್ಲರ ಕೈಗೆಟುಕುವುದಿಲ್ಲ.

ಸಾಮಾನ್ಯ ಆಂಡ್ರಾಯ್ಡ್ ಫೋನ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ಕರೆಯೊಳಗೆ ಧ್ವನಿ ಸೇರಿಸುವ ಅವಕಾಶವಿಲ್ಲ. ಅದೇ ಫೋನ್‌ನ ಸ್ಪೀಕರಿನಲ್ಲಿ ಓದಿಸಿದರೂ, ಪ್ರತಿಧ್ವನಿ ತಡೆಯುವ ವ್ಯವಸ್ಥೆ ತನ್ನದೇ ಸ್ಪೀಕರಿನ ಸದ್ದನ್ನು ಅಳಿಸಿಬಿಡುತ್ತದೆ. ಹಾಗಾಗಿ ನನ್ನ ಅಕ್ಕ ಎರಡು ಫೋನ್ ಇಟ್ಟುಕೊಂಡಿದ್ದಾಳೆ. ಒಂದರಲ್ಲಿ ಕರೆ, ಇನ್ನೊಂದರಲ್ಲಿ ಟೈಪ್ ಮಾಡಿದ್ದನ್ನು ಓದುವ ಆ್ಯಪ್.

ಕಳೆದ ವರ್ಷ ಅವಳ ಡೆಬಿಟ್ ಕಾರ್ಡ್ ಕಳೆದುಹೋಯಿತು. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದಳು. ಸಿಬ್ಬಂದಿ ಎರಡು ಸಲ 'ಹಲೋ' ಎಂದು ಕರೆ ಕಡಿದರು. ಮಾತಾಡುವವರು ನಿಮಿಷಕ್ಕೆ ನೂರಕ್ಕೂ ಹೆಚ್ಚು ಪದ ಹೇಳುತ್ತಾರೆ. ಮೊಬೈಲಿನಲ್ಲಿ ಬೆರಳು ಅದರ ಮೂರನೇ ಒಂದು ಭಾಗದಷ್ಟು ವೇಗದಲ್ಲಿ ಓಡಿದರೆ ಹೆಚ್ಚು. ಆ ನಡುವಿನ ಮೌನವನ್ನು ಎದುರಿನವರು 'ಲೈನ್ ಕಟ್ ಆಗಿದೆ' ಎಂದುಕೊಳ್ಳುತ್ತಾರೆ.

ಎರಡನೇ ಸಲ ಅಕ್ಕ ಮೊದಲೇ ಬರೆದಿಟ್ಟ ಸಾಲನ್ನು ಕರೆ ಎತ್ತಿದ ಕೂಡಲೇ ಓದಿಸಿದಳು: "ನನಗೆ ಮಾತು ಬರುವುದಿಲ್ಲ, ಕೇಳಿಸುತ್ತದೆ. ಟೈಪ್ ಮಾಡಿ ಉತ್ತರಿಸುತ್ತೇನೆ, ದಯವಿಟ್ಟು ಕಾಯಿರಿ." ಈ ಬಾರಿ ಕಾದರು. ಮೊಬೈಲ್ ನಂಬರ್ ಕೇಳಿದಾಗ ಹತ್ತು ಅಂಕಿಗಳನ್ನು ಒಟ್ಟಿಗೆ ಬರೆದಳು. ಯಂತ್ರ ಅದನ್ನು ಕೋಟಿ, ಲಕ್ಷ ಎಂದು ಓದಿತು! ಅಂಕಿಗಳ ನಡುವೆ ಜಾಗ ಬಿಟ್ಟು ಬರೆದಾಗ ಒಂದೊಂದಾಗಿ ಓದಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಇದೇ ಗೋಳು; ಕನ್ನಡ ಲಿಪಿ, ಕನ್ನಡ ಧ್ವನಿ ಎರಡೂ ಬೇಕು.

ಆಮೇಲೆ ಬಂತು ನಿಜವಾದ ಅಡ್ಡಿ: "ಖಾತೆದಾರರೇ ಮಾತಾಡಬೇಕು, ರೆಕಾರ್ಡಿಂಗ್ ಆಗದು." ಕೊನೆಗೆ ನಾನೇ ಅಕ್ಕನಂತೆ ಮಾತಾಡಿ ಕಾರ್ಡ್ ನಿಲ್ಲಿಸಿದೆ. ಯೋಚಿಸಿ, ಸುರಕ್ಷತೆಗೆಂದು ಇಟ್ಟ ನಿಯಮ ಖಾತೆದಾರಳನ್ನು ಹೊರಗಿಟ್ಟು, ಬೇರೊಬ್ಬಳ ಸುಳ್ಳನ್ನು ಒಪ್ಪಿಕೊಂಡಿತು. ದನಿ ಗುರುತಿನ ಪುರಾವೆಯಲ್ಲ. ನೋಂದಾಯಿತ ನಂಬರಿಗೆ ಹೋಗುವ ಒಟಿಪಿ ಆ ಕೆಲಸ ಮಾಡಬಲ್ಲದು. ಅದನ್ನು ಕೀಲಿಮಣೆಯಲ್ಲೇ ಒತ್ತಬಹುದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 'ಸಂವಹನ' ಎಂಬ ಪದದ ಅರ್ಥದಲ್ಲಿ ಪಠ್ಯವನ್ನೂ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಅಂದರೆ ಓದಿಸಿದ ಮಾತೂ ಮಾತೇ. ಸಹಾಯವಾಣಿಗಳು ಮಾಡಬೇಕಾದ್ದು ಎರಡೇ: ಮೌನ ಕಂಡ ಕೂಡಲೇ ಕರೆ ಕಡಿಯದೆ ಒಂದು ನಿಮಿಷವಾದರೂ ಕಾಯುವುದು, ಯಂತ್ರದ ದನಿ ಕೇಳಿದಾಗ ಒಟಿಪಿಯಿಂದ ಗುರುತು ಖಚಿತಪಡಿಸಿಕೊಳ್ಳುವುದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಸಿಬ್ಬಂದಿಯ ಕೈಪಿಡಿಯಲ್ಲಿ ಎರಡು ಸಾಲು ಸಾಕು.