ಓಮ್ ಹೋಗಿ ವ್ಯಾಟ್ ಬಂದ ಹಾಳೆ

ಬೋಧನಾಭ್ಯಾಸದ ಮೂರನೆಯ ವಾರ ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಅಧ್ಯಾಯದ ಪುನರಾವರ್ತನೆಗೆಂದು ಎರಡು ಪುಟದ ಹಾಳೆಯೊಂದನ್ನು ಹಂಚಿದ್ದೆ. ಒಂದು ಬದಿಯಲ್ಲಿ ಪದಕೋಶ, ಇನ್ನೊಂದು ಬದಿಯಲ್ಲಿ ಪ್ರಶ್ನೆಗಳು. ಐದನೆಯ ಪ್ರಶ್ನೆ ಹೀಗಿತ್ತು: “12 V ಬ್ಯಾಟರಿಗೆ 6 W ರೋಧಕವೊಂದನ್ನು ಜೋಡಿಸಲಾಗಿದೆ. ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹ ಎಷ್ಟು?” ನನ್ನ ಉತ್ತರಸೂಚಿಯಲ್ಲಿದ್ದದ್ದು 2 A. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 0.5 A ಎಂದು ಬರೆದಿದ್ದಳು. ನಾನು ತಪ್ಪು ಹಾಕಿ ಹಿಂದಿರುಗಿಸಿದೆ. ಬಿಡುವಿನ ವೇಳೆಯಲ್ಲಿ ಅವಳು ಹಾಳೆ ಹಿಡಿದು ಬಂದಳು. “ಮಿಸ್, P = VI ಅಲ್ವಾ? ಆರನ್ನ ಹನ್ನೆರಡರಿಂದ ಭಾಗಿಸಿದ್ರೆ ಅರ್ಧ ತಾನೇ ಬರೋದು?”

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಕೇಳಬೇಕೆಂದಿದ್ದದ್ದು 6 Ω, ಹಾಳೆಯಲ್ಲಿ ಅಚ್ಚಾಗಿದ್ದದ್ದು 6 W.

ಇದು ಬೆರಳಚ್ಚಿನ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕನ್ನಡ ಪಿಡಿಎಫ್‌ನಿಂದ ನಕಲು ಮಾಡಿದಾಗ ಅಕ್ಷರಗಳೆಲ್ಲ ಚಿಂದಿಯಾಗಿ ಬರುತ್ತಿದ್ದವು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧವಾದ ಕಡತಗಳ ಪಾಡೇ ಇದು. ಹಾಗಾಗಿ ವ್ಯಾಖ್ಯೆಗಳನ್ನು ಕೈಯಾರೆ ಟೈಪು ಮಾಡಿ, ಲೆಕ್ಕಗಳನ್ನು ಮಾತ್ರ ಇಂಗ್ಲಿಷ್ ಮಾಧ್ಯಮದ ಪಿಡಿಎಫ್‌ನಿಂದ ಎತ್ತಿಕೊಂಡು ಅನುವಾದಿಸಿ, ಸಂಖ್ಯೆಗಳನ್ನು ಬದಲಿಸಿದ್ದೆ. ಪಿಡಿಎಫ್‌ನಲ್ಲಿ ಕಣ್ಣಿಗೆ ಕಾಣುವುದು Ω ಚಿಹ್ನೆಯೇ. ಆದರೆ ಅದನ್ನು ಮೂಡಿಸಲು ‘ಸಿಂಬಲ್’ ಎಂಬ ಹಳೆಯ ಅಕ್ಷರಶೈಲಿ ಬಳಸಿದ್ದರೆ ಒಳಗೆ ದಾಖಲಾಗಿರುವುದು W ಅಕ್ಷರ. ನಕಲು ಮಾಡಿ ಬೇರೆ ಕಡತಕ್ಕೆ ಅಂಟಿಸಿದಾಗ ಆ ಅಕ್ಷರಶೈಲಿ ಕಳಚಿಹೋಗುತ್ತದೆ, W ಉಳಿಯುತ್ತದೆ. ರೋಧಶೀಲತೆಯ ಚಿಹ್ನೆ ρ ಕೂಡ ಇದೇ ರೀತಿ r ಆಗುತ್ತದೆ. ಘಾತಾಂಕಗಳೂ ಕೆಳಗಿಳಿದು ಸಾಲಿಗೆ ಸೇರಿಕೊಳ್ಳುತ್ತವೆ. ಕೋಷ್ಟಕದಲ್ಲಿ ತಾಮ್ರದ ರೋಧಶೀಲತೆ 1.62 × 10⁻⁸ Ω m ಎಂದಿದ್ದದ್ದು ನನ್ನ ಕಡತಕ್ಕೆ 1.62 × 10-8 W m ಎಂದು ಬಂದಿತ್ತು.

ಬೇರೆ ಅಧ್ಯಾಯದಲ್ಲಾದರೆ W ಬಂದದ್ದು ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ವ್ಯಾಟ್ ಕೂಡ ಇದೇ ಅಧ್ಯಾಯದ ಏಕಮಾನ. ನನ್ನ ಲೆಕ್ಕದಲ್ಲಿ ಎರಡೂ ದಾರಿ ಚೊಕ್ಕ ಉತ್ತರವನ್ನೇ ಕೊಡುತ್ತವೆ: ಓಮ್ ಎಂದುಕೊಂಡರೆ 12/6, ವ್ಯಾಟ್ ಎಂದುಕೊಂಡರೆ 6/12. ಅನುಮಾನ ಬರುವಂಥ ಅಡ್ಡಾದಿಡ್ಡಿ ಸಂಖ್ಯೆ ಯಾವುದೂ ಹೊರಡುವುದಿಲ್ಲ. ತಿದ್ದಲು ಹೊರಟಾಗ ಇನ್ನೊಂದು ಎಡವಟ್ಟು ಮಾಡಿಕೊಂಡೆ. W ಇರುವಲ್ಲೆಲ್ಲ Ω ಬರಲಿ ಎಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ, 100 W ಬಲ್ಬು 100 Ω ಬಲ್ಬಾಯಿತು. ಒಂದೊಂದೇ W ಹುಡುಕಿ, ಅದರ ಹಿಂದಿನ ಪದ ರೋಧವೋ ಸಾಮರ್ಥ್ಯವೋ ಎಂದು ಮುದ್ರಿತ ಪುಸ್ತಕದೊಂದಿಗೆ ಹೋಲಿಸಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ. ಪುಸ್ತಕ ಎಂದೆ, ಪಿಡಿಎಫ್‌ನಿಂದ ನಕಲಾದ ಪಠ್ಯ ಎನ್ನಲಿಲ್ಲ. ತಪ್ಪು ಹುಟ್ಟಿದ್ದೇ ಆ ಪಠ್ಯದಲ್ಲಿ.

ಆದರೆ ಚಿಹ್ನೆಯ ತಪ್ಪಿಗಿಂತ ನನ್ನ ಪದಕೋಶದ ತಪ್ಪು ದೊಡ್ಡದು, ಅದನ್ನು ಯಾವ ವಿದ್ಯಾರ್ಥಿಯೂ ಹಿಡಿಯಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪುಟಗಳ ಅಧ್ಯಾಯವನ್ನು ಒಂದು ಬದಿಗೆ ಇಳಿಸುವ ಹಟದಲ್ಲಿ 31 ಪದಗಳನ್ನು ಆರಿಸಿಕೊಂಡಿದ್ದೆ. ಜಾಗ ಸಾಲದೆ ಪ್ರತಿ ವ್ಯಾಖ್ಯೆಗೂ ಕತ್ತರಿ ಬಿತ್ತು. ಓಮನ ನಿಯಮದ ಮುಂದೆ ನಾನು ಬರೆದದ್ದು: “ವಿಭವಾಂತರವು ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ.” ಬಿಟ್ಟದ್ದು: “ತಾಪ ಸ್ಥಿರವಾಗಿದ್ದಾಗ.” ಆಮೇಲೆ ಆ ಪದಕೋಶವನ್ನೇ ಎದುರಿಗಿಟ್ಟುಕೊಂಡು ಪ್ರಶ್ನೆ ತೆಗೆದೆ: “ಬಲ್ಬಿಗೆ ಕೊಡುವ ವಿಭವಾಂತರವನ್ನು ಇಮ್ಮಡಿಗೊಳಿಸಿದರೆ ಪ್ರವಾಹ ಏನಾಗುತ್ತದೆ?” ಉತ್ತರಸೂಚಿ: ಇಮ್ಮಡಿಯಾಗುತ್ತದೆ.

ಆಗುವುದಿಲ್ಲ. ವಿಭವಾಂತರ ಹೆಚ್ಚಿದಂತೆ ತಂತು ಇನ್ನಷ್ಟು ಕಾಯುತ್ತದೆ, ಕಾದ ಟಂಗ್‌ಸ್ಟನ್‌ನ ರೋಧ ಏರುತ್ತದೆ, ಪ್ರವಾಹ ಇಮ್ಮಡಿಗಿಂತ ಕಡಿಮೆಯೇ ಉಳಿಯುತ್ತದೆ. ಅಧ್ಯಾಯದ ಕೊನೆಯ ಅಭ್ಯಾಸದಲ್ಲಿರುವ ಲೆಕ್ಕವನ್ನೇ ನೋಡಿ: 220 V, 100 W ಎಂದು ನಮೂದಿಸಿದ ಬಲ್ಬನ್ನು 110 Vನಲ್ಲಿ ಉರಿಸಿದರೆ ಎಷ್ಟು ಸಾಮರ್ಥ್ಯ ಬಳಸುತ್ತದೆ? R = V²/P ಪ್ರಕಾರ ರೋಧ 484 Ω, ಆದ್ದರಿಂದ 110²/484 = 25 W. ಪರೀಕ್ಷೆಗೆ ಈ ಉತ್ತರವೇ ಸರಿ. ಆದರೆ 484 Ω ಎಂಬುದು ಪೂರ್ಣ ಬೆಳಕಿನಲ್ಲಿ ಕಾದಿರುವ ತಂತುವಿನ ರೋಧ. 110 Vನಲ್ಲಿ ತಂತು ಅಷ್ಟು ಕಾಯದು, ರೋಧ ಇಳಿದಿರುತ್ತದೆ, ನಿಜವಾದ ಬಲ್ಬು 25 Wಗಿಂತ ಹೆಚ್ಚೇ ಎಳೆಯುತ್ತದೆ. “ರೋಧ ಬದಲಾಗುವುದಿಲ್ಲವೆಂದು ಭಾವಿಸಿ” ಎಂಬ ಮೂರು ಪದ ಸೇರಿಸಿದರೆ ಪ್ರಶ್ನೆ ಗಟ್ಟಿಯಾಗುತ್ತದೆ. ಆ ಮೂರು ಪದ ನನಗೆ ಹೊಳೆಯದಿದ್ದಕ್ಕೆ ಕಾರಣ, ನಾನು ಅಧ್ಯಾಯದಿಂದಲ್ಲ, ನಾನೇ ಕತ್ತರಿಸಿದ ಪದಕೋಶದಿಂದ ಪ್ರಶ್ನೆ ತೆಗೆಯುತ್ತಿದ್ದೆ.

“ಮಕ್ಕಳಿಗೆ ಚಿಕ್ಕದಾಗಿ ಕೊಡಿ, ಉದ್ದ ಇದ್ದರೆ ಓದುವುದಿಲ್ಲ” ಎಂದು ನಮಗೆ ಪದೇ ಪದೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ನಾವು ಚಿಕ್ಕದು ಮಾಡುವ ಜಾಗ ತಪ್ಪು ಎಂಬುದು ನನ್ನ ಅಭಿಪ್ರಾಯ. ಪದಗಳ ಸಂಖ್ಯೆಯನ್ನು ಇಳಿಸಬೇಕು, ಒಂದೊಂದು ಪದದ ವ್ಯಾಖ್ಯೆಯನ್ನಲ್ಲ. “ಯಾವಾಗ”, “ಯಾವುದರ”, “ಪ್ರತಿ ಏಕಮಾನಕ್ಕೆ” ಎಂಬಂಥ ತುಂಡುಗಳು ಅಲಂಕಾರದಂತೆ ಕಾಣುತ್ತವೆ, ಆದ್ದರಿಂದ ಕತ್ತರಿ ಮೊದಲು ಬೀಳುವುದೂ ಅವುಗಳ ಮೇಲೆಯೇ. ರೋಧಶೀಲತೆಯನ್ನು “ಏಕಮಾನ ಉದ್ದದ ತಂತಿಯ ರೋಧ” ಎಂದು ನಿಲ್ಲಿಸಿದರೆ ಅಡ್ಡಕೊಯ್ತದ ವಿಸ್ತೀರ್ಣ ಬಿಟ್ಟುಹೋಗುತ್ತದೆ. ಆಗ ದಪ್ಪ ತಾಮ್ರದ ತಂತಿಗೂ ಸಣ್ಣ ತಾಮ್ರದ ತಂತಿಗೂ ಬೇರೆ ಬೇರೆ ರೋಧಶೀಲತೆ ಎಂದು ವಿದ್ಯಾರ್ಥಿ ಬರೆದರೆ ಅವನದೇನು ತಪ್ಪು?

ಎರಡನೆಯ ಬಾರಿ ಕೆಲಸವನ್ನು ತಿರುಗಿಸಿ ಮಾಡಿದೆ. ಮೊದಲು ಪುಸ್ತಕ ತೆರೆದಿಟ್ಟು ಪ್ರಶ್ನೆಗಳನ್ನು ಬರೆದೆ, ಪ್ರತಿಯೊಂದರ ಪಕ್ಕದಲ್ಲಿ ಅದು ಬಂದ ಪುಟಸಂಖ್ಯೆ ಹಾಕಿದೆ. ನಂತರ ಉತ್ತರಗಳನ್ನು ಎಲ್ಲಿಂದಲೂ ನಕಲು ಮಾಡದೆ ಕೈಬರಹದಲ್ಲಿ ಏಕಮಾನ ಸಮೇತ ಬಿಡಿಸಿದೆ. ಹಾಗೆ ಬಿಡಿಸುವಾಗ ಯಾವ ಪದ ಗೊತ್ತಿಲ್ಲದಿದ್ದರೆ ಮುಂದೆ ಹೋಗಲಾಗದೋ ಅದು ಮಾತ್ರ ಪದಕೋಶಕ್ಕೆ ಬಂತು. 31 ಪದ 14ಕ್ಕೆ ಇಳಿಯಿತು. ಅಮ್ಮೀಟರು, ವೋಲ್ಟ್‌ಮೀಟರು ಮುಂತಾದವನ್ನು ಚಿತ್ರದಲ್ಲಿ ಗುರುತಿಸಿದರೆ ಸಾಕೆಂದು ಕೈಬಿಟ್ಟೆ. ಉಳಿದ 14ಕ್ಕೆ ಪುಸ್ತಕದ ವ್ಯಾಖ್ಯೆಯನ್ನು ಷರತ್ತು ಸಮೇತ ಇಡಲು ಒಂದು ಬದಿ ಧಾರಾಳವಾಗಿ ಸಾಕಾಯಿತು. ಇದಕ್ಕೆ ಎರಡು ಸಂಜೆ ಹಿಡಿಯಿತು. ಮೊದಲ ಹಾಳೆಗೆ ಒಂದು ಗಂಟೆಯೂ ಹಿಡಿದಿರಲಿಲ್ಲ.

ನಮ್ಮ ಕಾಲೇಜಿನ ಅಧ್ಯಾಪಕರಲ್ಲಿ ಒಂದು ಕೋರಿಕೆ. ಪಾಠಯೋಜನೆಗೆ ಸಹಿ ಬೀಳುತ್ತದೆ, ಕಲಿಕೋಪಕರಣಕ್ಕೆ ಅಂಕ ಸಿಗುತ್ತದೆ. ಜೆರಾಕ್ಸ್ ಆಗಿ ನಲವತ್ತು ಮಕ್ಕಳ ಪುಸ್ತಕದೊಳಗೆ ಉಳಿಯುವ ಹಾಳೆಯನ್ನು ಮಾತ್ರ ಯಾರೂ ಓದುವುದಿಲ್ಲ. ನಿಮ್ಮ ಮೇಲೆ ಇನ್ನೊಂದು ತಿದ್ದುವ ಹೊರೆ ಹಾಕಿ ಎಂದು ಕೇಳುತ್ತಿಲ್ಲ. ಇನ್ನೊಬ್ಬ ಪ್ರಶಿಕ್ಷಣಾರ್ಥಿ ಉತ್ತರಸೂಚಿಯನ್ನೂ ಪಠ್ಯಪುಸ್ತಕವನ್ನೂ ನೋಡದೆ, ಆ ಹಾಳೆಯೊಂದನ್ನೇ ಇಟ್ಟುಕೊಂಡು ಉತ್ತರ ಬರೆದ ಪ್ರತಿಯನ್ನು ದಾಖಲೆ ಪುಸ್ತಕದಲ್ಲಿ ಲಗತ್ತಿಸುವುದನ್ನು ಕಡ್ಡಾಯ ಮಾಡಿದರೆ ಸಾಕು. ಎರಡು ಉತ್ತರಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಮಾತ್ರ ಪುಸ್ತಕ ತೆರೆದರಾಯಿತು.

ನನ್ನ ಹೊಸ ಹಾಳೆಯನ್ನು ಗಣಿತ ವಿಭಾಗದ ಸಹಪಾಠಿಯೊಬ್ಬನಿಗೆ ಹೀಗೇ ಕೊಟ್ಟೆ. ಅವನ ಎರಡು ಉತ್ತರಗಳು ನನ್ನವಕ್ಕಿಂತ ಬೇರೆಯಾಗಿದ್ದವು. ಒಂದರಲ್ಲಿ ಅವನು ಸಮಾಂತರ ಜೋಡಣೆಯನ್ನು ಸರಣಿ ಎಂದು ಓದಿಕೊಂಡಿದ್ದ. ಇನ್ನೊಂದರಲ್ಲಿ ತಾಮ್ರದ ತಂತಿಯ ರೋಧಕ್ಕೆ ಭಾರಿ ದೊಡ್ಡ ಸಂಖ್ಯೆ ಬಂದಿತ್ತು: 10-8 ಎಂಬುದನ್ನು ಅವನು ಹತ್ತರಿಂದ ಎಂಟು ಕಳೆಯುವ ಲೆಕ್ಕವಾಗಿ ಓದಿದ್ದ. ಘಾತಾಂಕವನ್ನು ಮೇಲೇರಿಸುವುದು ನನಗೆ ಮತ್ತೆ ಮರೆತಿತ್ತು.