ಸ್ಪೀಕರ್ ಜೋಡಿಗೂ ಜಾತಕ ಕೂಡಬೇಕು

ಕಾಲೇಜ್ ಡೇಗೆ ಹತ್ತೇ ದಿನ ಉಳಿದಿತ್ತು. ಹಾಸ್ಟೆಲ್ ಟೆರೇಸ್ ಮೇಲಿನ ಡ್ಯಾನ್ಸ್ ಪ್ರಾಕ್ಟೀಸ್‌ಗೆ ನನ್ನ ಬ್ಲೂಟೂತ್ ಸ್ಪೀಕರ್ ಸದ್ದು ಸಾಲದೆ, ಎಂಟು ಜನ ದುಡ್ಡು ಹಾಕಿ ಇನ್ನೊಂದು ತಂದೆವು. ಅದೇ ಕಂಪನಿ, ಹೊಸ ಮಾಡೆಲ್. ‘ಒಂದೇ ಕಂಪನಿ ಅಲ್ವೇನೋ, ಜೋಡಿ ಆಗುತ್ತೆ ಬಿಡು’ ಎಂದ ರೂಮ್‌ಮೇಟ್. ಆಗಲೇ ಇಲ್ಲ.

ನಾವು ಕಂಪನಿ ಹೆಸರು ನೋಡಿದೆವು, ಜೋಡಿಸುವ ತಂತ್ರದ ಹೆಸರು ನೋಡಲಿಲ್ಲ. ನಮ್ಮದು ಬೇರೆ ಕಂಪನಿ. ಆದರೆ ಎಲ್ಲರಿಗೂ ಗೊತ್ತಿರುವ ಜೆಬಿಎಲ್‌ನ ಫ್ಲಿಪ್ ಸರಣಿಯನ್ನೇ ನೋಡಿ. ಫ್ಲಿಪ್ 4ರಲ್ಲಿ ಇರುವುದು ಕನೆಕ್ಟ್ ಪ್ಲಸ್, ಫ್ಲಿಪ್ 5 ಮತ್ತು 6ರಲ್ಲಿ ಪಾರ್ಟಿಬೂಸ್ಟ್, ಫ್ಲಿಪ್ 7ರಲ್ಲಿ ಆರಾಕಾಸ್ಟ್. ಫ್ಲಿಪ್ 5ಕ್ಕೂ 6ಕ್ಕೂ ಪಾರ್ಟಿ ಮೋಡ್‌ನಲ್ಲಿ ಹೊಂದಾಣಿಕೆ ಇದೆ. 4ಕ್ಕೂ 5ಕ್ಕೂ ಇಲ್ಲ, 6ಕ್ಕೂ 7ಕ್ಕೂ ಇಲ್ಲ. ಅಕ್ಕಪಕ್ಕದ ನಂಬರ್ ಆದರೂ ಮಾತುಕತೆ ಬಂದ್!

ಸ್ಟೀರಿಯೊದ ಕಟ್ಟುಪಾಡು ಇನ್ನೂ ಬಿಗಿ. ಅಲ್ಲಿ ಒಂದು ಸ್ಪೀಕರ್ ಎಡಗಿವಿಯ ಪಾಲನ್ನು, ಇನ್ನೊಂದು ಬಲಗಿವಿಯ ಪಾಲನ್ನು ನುಡಿಸುತ್ತದೆ. ಎರಡರಿಂದಲೂ ಸಮನಾಗಿ ಬಂದಾಗ ಗಾಯಕರ ದನಿ ನಡುವಿನ ಖಾಲಿ ಜಾಗದಿಂದ ಬಂದಂತೆ ಕೇಳುತ್ತದೆ. ಒಂದರ ಸದ್ದು ಜೋರಾಗಿ, ಇನ್ನೊಂದರದು ಮೆತ್ತಗಾದರೆ ದನಿ ಒಂದು ಕಡೆಗೆ ವಾಲುತ್ತದೆ. ಅದಕ್ಕೇ ಸಾಮಾನ್ಯವಾಗಿ ಸ್ಟೀರಿಯೊಗೆ ಒಂದೇ ಮಾಡೆಲ್‌ನ ಎರಡು ಬೇಕು. ಪಾರ್ಟಿ ಮೋಡ್‌ನಲ್ಲಿ ಎರಡೂ ಪೂರ್ತಿ ಹಾಡನ್ನೇ ನುಡಿಸುವುದರಿಂದ ಗಾತ್ರ ಬೇರೆಯಾದರೂ ನಡೆಯುತ್ತದೆ, ತಂತ್ರ ಒಂದೇ ಇರಬೇಕು ಅಷ್ಟೆ.

ನಾವು ಸುಮ್ಮನಾಗಲಿಲ್ಲ. ಗೆಳತಿಯೊಬ್ಬಳ ಫೋನ್‌ನಲ್ಲಿ ಡ್ಯುಯಲ್ ಆಡಿಯೊ ಇತ್ತು. ಫೋನೇ ಎರಡೂ ಸ್ಪೀಕರ್‌ಗೆ ಬೇರೆ ಬೇರೆಯಾಗಿ ಹಾಡು ಕಳಿಸುವ ಸೌಲಭ್ಯ ಅದು. ಹಾಡೇನೋ ಬಂತು, ಹಿಂದಿನ ಸಾಲಿನವರ ಹೆಜ್ಜೆ ಮಾತ್ರ ತಡವಾಗತೊಡಗಿತು. ಅವರನ್ನು ಬೈದದ್ದೂ ಆಯಿತು, ಪಾಪ! ಪ್ರತಿ ಸ್ಪೀಕರ್ ಹಾಡನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ನುಡಿಸುತ್ತದೆ. ಆ ಹೊತ್ತು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಆ ಸ್ಪೀಕರನ್ನು ಸುಮಾರು 34 ಮೀಟರ್ ದೂರ ಇಟ್ಟಂತೆ. ತಮಟೆ ಏಟಿರುವ ಹಾಡು ಹಾಕಿ ನಡುವೆ ನಿಂತರೆ ಗೊತ್ತಾಗುತ್ತದೆ: ಒಂದೇಟು ಎರಡೇಟಾಗಿ ಕೇಳಿದರೆ ಜೋಡಿ ಕೂಡಿಲ್ಲ.

ಕೊನೆಗೆ ಕೈಹಿಡಿದದ್ದು ಸೀನಿಯರ್ ಒಬ್ಬರ ಹಳೇ ಸ್ಪೀಕರ್, ನನ್ನದೇ ಮಾಡೆಲ್. ಎರಡರ ಜೋಡಣೆ ಗುಂಡಿ ಒತ್ತಿದೆವು, ಕೂಡಿಕೊಂಡವು. ಸ್ಟೀರಿಯೊ ಸಿಗುತ್ತಿದ್ದರೂ ಪಾರ್ಟಿ ಮೋಡ್‌ನಲ್ಲೇ ಇಟ್ಟೆವು. ಸ್ಟೀರಿಯೊ ಹಾಕಿದರೆ ಎಡಗಡೆ ನಿಂತವರಿಗೆ ಬಲಗಡೆಯ ವಾದ್ಯ ಸರಿಯಾಗಿ ಕೇಳದು. ಅದು ರೂಮಿನಲ್ಲಿ ಕೂತು ಕೇಳುವವರಿಗೆ ಸರಿ.

ಹಾಗಾಗಿ ಎರಡನೇ ಸ್ಪೀಕರ್‌ಗೆ ‘ಲೇಟೆಸ್ಟ್’ ಬೇಡ ಎಂಬುದೇ ನನ್ನ ವಾದ. ಸೆಕೆಂಡ್ ಹ್ಯಾಂಡ್ ಆದರೂ ಅದೇ ಮಾಡೆಲ್ ಹುಡುಕಿ. ಹೊಸದೇ ಬೇಕೆಂದರೆ ಹಳೆಯದನ್ನು ಅಂಗಡಿಗೆ ಒಯ್ದು, ಜೋಡಿಸಿ ನೋಡಿ ದುಡ್ಡು ಕೊಡಿ. ನಮ್ಮ ಹೊಸ ಸ್ಪೀಕರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅದು ಎಂಟು ಜನರ ರೂಮಿಗೆ ವಾರಕ್ಕೊಂದರಂತೆ ಸುತ್ತುತ್ತಿದೆ, ಒಂಟಿಯಾಗಿ.